ರಸೀದಿ ಕೇಳಿದ ತಾಯಿಗೆ ಪಂಚಾಯಿತಿಯ ಕ್ಷಮಾಯಾಚನೆ

(ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಸಿಂಧನೂರು ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಂತು ಭತ್ತದ ಕೆಲಸ ಮುಗಿದೊಡನೆ, ಲಿಂಗಸುಗೂರು ಮತ್ತು ಮಸ್ಕಿಯ ಮಳೆಯಾಶ್ರಿತ ಊರುಗಳಲ್ಲಿ ಅದಕ್ಕೂ ಮೊದಲೇ, ಕೂಲಿಯ ಮನೆಗಳ ಮುಂದೆ ಎರಡು ದಾರಿಗಳು ಉಳಿಯುತ್ತವೆ. ಒಂದು, ಗಂಟುಮೂಟೆ ಕಟ್ಟಿ ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೋಗುವುದು. ಇನ್ನೊಂದು, ಗ್ರಾಮ ಪಂಚಾಯಿತಿಗೆ ಬಂದು ಉದ್ಯೋಗ ಖಾತರಿಯಲ್ಲಿ ಕೆಲಸ ಕೇಳುವುದು. ಈ ಎರಡನೆಯ ದಾರಿ ಹಿಡಿದು ಬಂದವರೊಡನೆ ಪಂಚಾಯಿತಿಯ ಮೇಜಿನ ಆಚೆ ಕುಳಿತವರು ಒರಟಾಗಿ ನಡೆದುಕೊಂಡಾಗ ಪಂಚಾಯಿತಿ ಹೇಗೆ ಕ್ಷಮೆ ಕೇಳಬೇಕು, ಕೇಳಿದ ಮೇಲೆ ಏನನ್ನು ಸರಿಪಡಿಸಬೇಕು ಎಂಬುದು ಇಂದಿನ ವಿಷಯ.

ಚರ್ಚೆಗಾಗಿ ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಇದು ಯಾವುದೇ ಒಂದು ಪಂಚಾಯಿತಿಯ ವರದಿಯಲ್ಲ. ಆದರೆ ಇದನ್ನು ಓದಿದಾಗ ತಮ್ಮೂರಿನ ಯಾರದೋ ಮುಖ ನೆನಪಾಗದ ಸದಸ್ಯರು ಕಡಿಮೆ. ಸೋಮವಾರ ಬೆಳಿಗ್ಗೆ ಐವತ್ತು ದಾಟಿದ ಒಬ್ಬ ಮಹಿಳೆ ಉದ್ಯೋಗ ಚೀಟಿ ಹಿಡಿದು, ಮೊಮ್ಮಗನಿಂದ ಬರೆಸಿದ ನಮೂನೆ-6ರ ಅರ್ಜಿಯೊಡನೆ ಬರುತ್ತಾರೆ. ಕಂಪ್ಯೂಟರ್ ಮುಂದೆ ಕುಳಿತ ಸಿಬ್ಬಂದಿ ಅರ್ಜಿ ತೆಗೆದುಕೊಂಡು ಪಕ್ಕಕ್ಕಿಡುತ್ತಾನೆ. ಆಕೆ ರಸೀದಿ ಕೇಳುತ್ತಾರೆ. "ಸರ್ವರ್ ಇಲ್ಲ, ನಾಳಿ ಬಾ" ಎಂಬ ಉತ್ತರ. ಮಂಗಳವಾರವೂ ಅದೇ. ಬುಧವಾರ ಮತ್ತೆ ಕೇಳಿದಾಗ, ಹತ್ತು ಜನರ ಎದುರು, "ಓದಾಕ ಬರದಾಕಿಗೆ ರಸೀದಿ ಯಾಕ ಬೇಕು? ದಿನಾ ಬಂದು ತಲಿ ತಿಂತಿ, ನಡಿ ಆಚೆ" ಎನ್ನುತ್ತಾನೆ. ಕೆಲವರು ನಗುತ್ತಾರೆ. ಆಕೆ ಉದ್ಯೋಗ ಚೀಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಹೋಗುತ್ತಾರೆ. ಸಂಜೆ ಆ ವಾರ್ಡಿನ ಸದಸ್ಯರಿಗೆ ವಿಷಯ ತಿಳಿಯುತ್ತದೆ.

ಇಲ್ಲಿ ಏಕವಚನವೇ ಅವಮಾನ ಎಂದು ತಿಳಿಯುವುದು ಸರಿಯಲ್ಲ. ಈ ಸೀಮೆಯಲ್ಲಿ "ಬಾ ಯವ್ವಾ, ಕೂಡು" ಎಂಬ ಏಕವಚನದಲ್ಲಿ ಇರುವಷ್ಟು ಆದರ ಎಷ್ಟೋ ಬಹುವಚನಗಳಲ್ಲಿ ಇಲ್ಲ. ಆಕೆಯನ್ನು ನೋಯಿಸಿದ್ದು, ಓದು ಬಾರದವಳಿಗೆ ಕಾಗದದ ಹಕ್ಕಿಲ್ಲ ಎಂಬ ಮಾತು, ಮತ್ತು ಅದನ್ನು ಜನರ ಮುಂದೆ ಆಡಿದ್ದು. ಯಾವುದಕ್ಕೆ ಕ್ಷಮೆ ಕೇಳಬೇಕೆಂಬುದನ್ನು ನಿರ್ಧರಿಸುವಾಗ ಈ ವ್ಯತ್ಯಾಸ ಮುಖ್ಯವಾಗುತ್ತದೆ.

ಆ ಮಾತು ಏಕೆ ಹೊರಟಿತು? ಸಿಬ್ಬಂದಿಯ ಸ್ವಭಾವ ಎಂದು ಕೈ ತೊಳೆದುಕೊಳ್ಳುವುದು ಸುಲಭ. ಆದರೆ ರಸೀದಿಯ ಸುತ್ತಲೇ ಜಗಳ ಹುಟ್ಟುವುದಕ್ಕೆ ಕಾರಣವಿದೆ. ಉದ್ಯೋಗ ಖಾತರಿ ಅಧಿನಿಯಮದಂತೆ ಅರ್ಜಿ ಬಂದ ದಿನದಿಂದ, ಅಥವಾ ಮುಂಚಿತವಾಗಿ ಅರ್ಜಿ ಸಲ್ಲಿಸಿದ್ದರೆ ಕೆಲಸ ಬೇಕೆಂದು ಕೇಳಿದ ದಿನದಿಂದ, 15 ದಿನಗಳೊಳಗೆ ಕೆಲಸ ಕೊಡಬೇಕು. ತಪ್ಪಿದರೆ ನಿರುದ್ಯೋಗ ಭತ್ಯೆ ಸಲ್ಲಬೇಕು: ಮೊದಲ 30 ದಿನಗಳಿಗೆ ಕೂಲಿಯ ಕಾಲು ಭಾಗಕ್ಕೆ ಕಡಿಮೆಯಿಲ್ಲದಂತೆ, ಅನಂತರ ಅರ್ಧಕ್ಕೆ ಕಡಿಮೆಯಿಲ್ಲದಂತೆ. ಈ ಲೆಕ್ಕವೆಲ್ಲ ನಿಂತಿರುವುದು ದಿನಾಂಕವಿರುವ ಆ ಸಣ್ಣ ಚೀಟಿಯ ಮೇಲೆ. ರಸೀದಿ ಕೊಡದಿದ್ದರೆ 15 ದಿನಗಳ ಎಣಿಕೆ ಆರಂಭವೇ ಆಗುವುದಿಲ್ಲ, ಮೇಲಿನವರಿಗೆ ವಿವರಣೆಯನ್ನೂ ಕೊಡಬೇಕಾಗುವುದಿಲ್ಲ. ಕೆಲಸ ಮಂಜೂರಾಗುವವರೆಗೆ ಅರ್ಜಿಯನ್ನು ಮೇಜಿನ ಮೇಲೆಯೇ ಉಳಿಸಿಕೊಳ್ಳುವ ರೂಢಿ ಹೀಗೆ ಬೆಳೆದಿದೆ. ಆ ರೂಢಿಯನ್ನು ಪ್ರಶ್ನಿಸಿದವರ ಮೇಲೆ ಹರಿಹಾಯುವುದು ಅದರ ಕಾವಲಷ್ಟೆ.

ಅಧಿಕಾರಿಯ ಸಿಡುಕು ಹೊಸ ಸಮಸ್ಯೆಯೇನಲ್ಲ. ಅಶೋಕನ ಶಾಸನಗಳ ಪೈಕಿ ಅವನ ಹೆಸರನ್ನು ಮೊದಲು ತೋರಿಸಿದ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದು ಮಸ್ಕಿಯಲ್ಲಿ ಎಂಬುದು ಎಲ್ಲರಿಗೂ ಗೊತ್ತು. ಅದೇ ಅರಸನ ಇನ್ನೊಂದು ಶಾಸನದ ಪಾಠ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆತಿದೆ. ಮೂಲತಃ ಕಳಿಂಗದ ಅಧಿಕಾರಿಗಳಿಗೆ ಹೊರಡಿಸಿದ ಆ ಆಜ್ಞೆಯಲ್ಲಿ ಕೋಪ, ನಿಷ್ಠುರತೆ, ಆತುರ, ಆಲಸ್ಯ, ದಣಿವು ಇವುಗಳಿಂದ ಅಧಿಕಾರಿಗಳು ನ್ಯಾಯ ತಪ್ಪುತ್ತಾರೆಂದು ಹೇಳಿದೆ. ಗಮನಿಸಬೇಕಾದುದೆಂದರೆ, ಅರಸನು ಬುದ್ಧಿವಾದದಲ್ಲಿ ನಿಲ್ಲಿಸದೆ, ಇದು ಪಾಲನೆಯಾಗುತ್ತಿದೆಯೇ ಎಂದು ನೋಡಲು ಐದು ವರ್ಷಕ್ಕೊಮ್ಮೆ ಮೃದು ಸ್ವಭಾವದ ಅಧಿಕಾರಿಯನ್ನು ಸಂಚಾರಕ್ಕೆ ಕಳುಹಿಸುವ ವ್ಯವಸ್ಥೆಯನ್ನೂ ಮಾಡಿದ್ದನು.

ಈಗ ಪ್ರಸಂಗಕ್ಕೆ ಮರಳಬಹುದು. ವಿಷಯ ತಿಳಿದ ಸದಸ್ಯರು ಮೊದಲು ಮಾಡಬೇಕಾದದ್ದು ಕ್ಷಮೆ ಕೇಳಿಸುವುದಲ್ಲ, ರಸೀದಿ ಕೊಡಿಸುವುದು. ಬಂದ ಕೆಲಸ ಆಗದೆ ಬರುವ ಕ್ಷಮೆ ಆಕೆಗೆ ಮತ್ತೊಂದು ಸಾಗಹಾಕುವಿಕೆಯಂತೆ ಕಾಣುತ್ತದೆ. ಆದರೆ ರಸೀದಿಯಲ್ಲಿ ಯಾವ ದಿನಾಂಕ ಬರೆಯಬೇಕು? ಗುರುವಾರದ ದಿನಾಂಕ ಬರೆದರೆ ಆಕೆ ಮೂರು ದಿನ ಕಳೆದುಕೊಂಡಂತೆ. ಏನೂ ಹೇಳದೆ ಸೋಮವಾರದ ದಿನಾಂಕ ಹಾಕಿದರೆ ದಾಖಲೆ ತಿದ್ದಿದ ಆಪಾದನೆ ಬರಬಹುದು. ಆದ್ದರಿಂದ ಇದ್ದದ್ದನ್ನು ಇದ್ದಂತೆ ಬರೆಯುವುದೇ ದಾರಿ: ಅರ್ಜಿ ಸೋಮವಾರ ಸಲ್ಲಿಕೆಯಾಗಿದೆ, ರಸೀದಿಯನ್ನು ಗುರುವಾರ ನೀಡಲಾಗಿದೆ, ವಿಳಂಬಕ್ಕೆ ಕಚೇರಿಯೇ ಕಾರಣ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ವಹಿಯಲ್ಲಿ ಷರಾ ಬರೆದು ಸಹಿ ಮಾಡಬೇಕು. 15 ದಿನಗಳ ಎಣಿಕೆ ಸೋಮವಾರದಿಂದಲೇ ಆಗಬೇಕು.

ಅನಂತರ ವಿಚಾರಣೆ. ಆಕೆಯ ಮಾತನ್ನು ಸಿಬ್ಬಂದಿಯ ಎದುರಿನಲ್ಲಿ ಅಲ್ಲದೆ ಬೇರೆಯಾಗಿ ಕೇಳಬೇಕು. ಆಕೆ ಹೇಳಿದ ಶಬ್ದಗಳಲ್ಲಿಯೇ ಬರೆದುಕೊಂಡು, ಓದಿ ಹೇಳಿ, ಒಪ್ಪಿಗೆಯಾದ ಮೇಲೆ ಹೆಬ್ಬೆಟ್ಟಿನ ಗುರುತು ಪಡೆಯಬೇಕು. "ಅನುಚಿತವಾಗಿ ವರ್ತಿಸಿದರು" ಎಂಬ ಕಚೇರಿಯ ಭಾಷೆಯಲ್ಲಿ ಬರೆದರೆ ನಡೆದದ್ದೇನೆಂಬುದು ಅಲ್ಲಿಯೇ ಮಾಯವಾಗುತ್ತದೆ. ಸಿಬ್ಬಂದಿಗೂ ಲಿಖಿತ ನೋಟಿಸ್ ಕೊಟ್ಟು ಉತ್ತರಕ್ಕೆ ಅವಕಾಶ ನೀಡಬೇಕು. ಸರದಿಯಲ್ಲಿದ್ದ ಇಬ್ಬರು ಮೂವರನ್ನೂ ಕೇಳಬೇಕು. ಉದ್ಯೋಗ ಖಾತರಿಯ ದೂರುಗಳನ್ನು ತಾಲ್ಲೂಕು ಮಟ್ಟದ ಕಾರ್ಯಕ್ರಮಾಧಿಕಾರಿಗಳು ವಹಿಯಲ್ಲಿ ದಾಖಲಿಸಿ 7 ದಿನಗಳೊಳಗೆ ಇತ್ಯರ್ಥಪಡಿಸಬೇಕೆಂದು ಅಧಿನಿಯಮವೇ ಹೇಳುವುದರಿಂದ, ಪಂಚಾಯಿತಿಯೂ ಅದೇ ಗಡುವನ್ನು ಇಟ್ಟುಕೊಳ್ಳುವುದು ಉಚಿತ.

ಒಂದು ಗಡಿಯನ್ನು ಮಾತ್ರ ಯಾರೂ ದಾಟಬಾರದು. ಆಡಿದ ಮಾತಿನಲ್ಲಿ ಜಾತಿ ನಿಂದನೆ ಇದ್ದು ಆಕೆ ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದವರಾಗಿದ್ದರೆ, ಇಲ್ಲವೇ ಮೈಮೇಲೆ ಕೈ ಹಾಕಿದ್ದರೆ, ಅದು ಪಂಚಾಯಿತಿ ಕಟ್ಟೆಯ ಮೇಲೆ ರಾಜಿಯಾಗುವ ವಿಷಯವಲ್ಲ. 1989ರ ದೌರ್ಜನ್ಯ ತಡೆ ಅಧಿನಿಯಮದ ಪ್ರಕರಣವನ್ನು ದಾಖಲಿಸಲು ಪೊಲೀಸರು ಪ್ರಾಥಮಿಕ ವಿಚಾರಣೆಗಾಗಿ ಕಾಯಬೇಕಾಗಿಲ್ಲ. "ಊರ ಹುಡುಗ, ಹೋಗಲಿ ಬಿಡವ್ವ" ಎಂದು ಆಕೆಯನ್ನು ಒಪ್ಪಿಸಲು ಹೋಗುವ ಸದಸ್ಯರು ಹೊಸ ತಪ್ಪಿಗೆ ಪಾಲುದಾರರಾಗುತ್ತಾರೆ.

ಈ ಪ್ರಸಂಗದಲ್ಲಿ ಅಂತಹದು ಇಲ್ಲ. ಆದ್ದರಿಂದ ಕ್ಷಮೆಯ ಮಾತಿಗೆ ಬರಬಹುದು. ಆಕೆಯನ್ನು ಮತ್ತೆ ಕಚೇರಿಗೆ ಕರೆಸಬಾರದು. ಈಗಾಗಲೇ ಮೂರು ಬೆಳಗು ಹಾಳಾಗಿವೆ. ಅಧ್ಯಕ್ಷರು ಮತ್ತು ಅಭಿವೃದ್ಧಿ ಅಧಿಕಾರಿಗಳು ಆಕೆಯ ಮನೆಗೆ ಹೋಗಬೇಕು. ಅವಮಾನ ಜನರ ಮುಂದೆ ಆದದ್ದರಿಂದ ಕ್ಷಮೆಯೂ ಜನರ ಮುಂದೆ ಆಗಬೇಕೆಂದು ಆಕೆ ಬಯಸಬಹುದು, ಬಯಸದೆಯೂ ಇರಬಹುದು. ಅದನ್ನು ಆಕೆಯನ್ನೇ ಕೇಳಬೇಕು. ಹೇಳುವ ಮಾತು ಸುಮಾರಾಗಿ ಹೀಗಿರಬೇಕು:

"ಯವ್ವಾ, ಸೋಮವಾರ ನೀವು ಅರ್ಜಿ ಕೊಟ್ಟಾಗಲೇ ರಸೀದಿ ಕೊಡಬೇಕಾಗಿತ್ತು, ಕೊಡಲಿಲ್ಲ. ಮೂರು ದಿನ ಅಲೆಸಿದೆವು. ಬುಧವಾರ ಓದು ಬಾರದವಳಿಗೆ ರಸೀದಿ ಯಾಕೆಂದು ನಮ್ಮ ಸಿಬ್ಬಂದಿ ಅಂದದ್ದು ತಪ್ಪು. ರಸೀದಿ ಕೇಳಿದ್ದು ನಿಮ್ಮ ಹಕ್ಕು. ಪಂಚಾಯಿತಿಯ ಪರವಾಗಿ ಕ್ಷಮೆ ಕೇಳುತ್ತೇವೆ. ಅವರಿಗೆ ನೋಟಿಸ್ ಕೊಟ್ಟಿದ್ದೇವೆ. ನಿಮ್ಮ 15 ದಿನ ಸೋಮವಾರದಿಂದಲೇ ಎಣಿಕೆಯಾಗುತ್ತದೆ."

ಇದರಲ್ಲಿ "ನೋವಾಗಿದ್ದರೆ" ಎಂಬ ಮಾತಿಲ್ಲ, ಏಕೆಂದರೆ ನೋವಾಗಿದೆ. ಕೆಲಸದ ಒತ್ತಡದ ಮಾತೂ ಇಲ್ಲ. ಒತ್ತಡವಿರುವುದು ನಿಜವಾದರೂ ಅದನ್ನು ಸಾಮಾನ್ಯ ಸಭೆಯಲ್ಲಿ ಚರ್ಚಿಸಬೇಕೇ ಹೊರತು ಆಕೆಯ ಅಂಗಳದಲ್ಲಿ ಅಲ್ಲ. ಇದೇ ಮಾತನ್ನು ಪತ್ರದಲ್ಲಿಯೂ ಬರೆದು, ಓದಿ ಹೇಳಿ, ಪ್ರತಿಯನ್ನು ಆಕೆಯ ಕೈಗೆ ಕೊಡಬೇಕು. ಓದಲು ಬಾರದವರಿಗೂ ಕಾಗದ ಬೇಕು ಎಂಬುದೇ ಇಡೀ ಪ್ರಸಂಗದ ತಕರಾರು.

ಸಿಬ್ಬಂದಿಯಿಂದಲೂ ಕ್ಷಮೆ ಕೇಳಿಸಬೇಕೇ? ಅವನಾಗಿ ಬಂದರೆ ಒಳ್ಳೆಯದು. ಎಲ್ಲರೆದುರು ಕಾಲಿಗೆ ಬೀಳಿಸುವುದು ಬೇಡ. ನಾಳೆಯೂ ಆಕೆಯ ಹೆಸರು ಹಾಜರಾತಿಗೆ ಸೇರಬೇಕಾದದ್ದು ಅವನ ಕಂಪ್ಯೂಟರಿನಿಂದಲೇ. ಬಲವಂತದ ಕ್ಷಮೆ ಮನಸ್ಸಿನಲ್ಲಿ ಹಗೆಯಾಗಿ ಉಳಿದು, ಹಾಜರಾತಿಯಲ್ಲಿ ಹೆಸರು ಬಿಡುವುದರಲ್ಲೋ ಉದ್ಯೋಗ ಚೀಟಿ ರದ್ದತಿಯ ಪಟ್ಟಿಯಲ್ಲೋ ಹೊರಬರುತ್ತದೆ. ಆದ್ದರಿಂದ ಮುಂದಿನ ಎರಡು ಮೂರು ಹಾಜರಾತಿ ಪಟ್ಟಿಗಳಲ್ಲಿ ಆಕೆಯ ಹೆಸರು, ದಿನಗಳು ಮತ್ತು ಕೂಲಿ ಜಮೆಯನ್ನು ಅಭಿವೃದ್ಧಿ ಅಧಿಕಾರಿಗಳೇ ನೋಡಬೇಕು. ವಾರ್ಡಿನ ಸದಸ್ಯರು ಆಕೆಯನ್ನು ಒಮ್ಮೆ ಕೇಳಿ ತಿಳಿಯಬೇಕು. ಕ್ಷಮೆ ಕೇಳಿದ ನಂತರದ ಈ ತಿಂಗಳೇ ಹೆಚ್ಚು ಅಪಾಯದ್ದು.

ಉಳಿದದ್ದು ಮೂಲ ಕಾರಣ. ಸರ್ವರ್ ಇಲ್ಲವೆಂಬುದು ರಸೀದಿ ನಿರಾಕರಿಸಲು ಕಾರಣವಾಗದು. ಅರ್ಜಿ ಕಾಗದದ್ದು, ರಸೀದಿಯೂ ಕಾಗದದ್ದೇ ಆಗಬಹುದು. ಗಣಕಯಂತ್ರದ ದಾಖಲು ಅನಂತರ ಆಗಲಿ. ಕ್ರಮಸಂಖ್ಯೆ ಮುದ್ರಿಸಿದ, ಪ್ರತಿ ಉಳಿಯುವ ರಸೀದಿ ಪುಸ್ತಕವನ್ನು ಮೇಜಿನ ಮೇಲೆ ಇಟ್ಟು, ಅರ್ಜಿ ಬಂದ ಕೂಡಲೇ ಹರಿದು ಕೊಡುವ ಪದ್ಧತಿ ಬಂದರೆ ವಾಗ್ವಾದಕ್ಕೆ ಎಡೆಯೇ ಕಡಿಮೆ. ಕೆಲಸ ಕೇಳುವವರು ಹೆಚ್ಚುವ ಬೇಸಿಗೆಯ ವಾರಗಳಲ್ಲಿ ಒಬ್ಬನೇ ಸಿಬ್ಬಂದಿ ಇ-ಸ್ವತ್ತು, ತೆರಿಗೆ, ನಮೂನೆ-6 ಎಲ್ಲವನ್ನೂ ನೋಡುವುದಾದರೆ ಅವನ ಮಾತು ಮತ್ತೆ ಕೆಡುತ್ತದೆ. ಬೆಳಗಿನ ಎರಡು ಗಂಟೆಗಳನ್ನು ಕೆಲಸದ ಅರ್ಜಿಗಳಿಗೇ ಮೀಸಲಿಡಬಹುದು, ಕರ ವಸೂಲಿಗಾರನನ್ನು ಜೊತೆಗೆ ಕೂರಿಸಬಹುದು.

ಇದು ನಡೆಯುತ್ತಿದೆಯೋ ಇಲ್ಲವೋ ಎಂದು ಸದಸ್ಯರು ತಿಳಿಯುವುದು ಕಷ್ಟವಲ್ಲ. ಸಾಮಾನ್ಯ ಸಭೆಗೆ ಎರಡು ಕಾಗದ ತರಿಸಬೇಕು: ಕೆಲಸದ ಬೇಡಿಕೆ ದಾಖಲಾದ ದಿನಾಂಕಗಳು, ಮತ್ತು ಹಾಜರಾತಿ ಪಟ್ಟಿ ಆರಂಭವಾದ ದಿನಾಂಕಗಳು. ಪ್ರತಿಯೊಂದು ಬೇಡಿಕೆಯೂ ಕೆಲಸ ಆರಂಭವಾಗುವ ಹಿಂದಿನ ದಿನವೋ ಎರಡು ದಿನ ಮೊದಲೋ ದಾಖಲಾಗಿದ್ದರೆ, ಆ ಊರಿನಲ್ಲಿ ಎಲ್ಲರಿಗೂ ಕೇಳಿದ ಕೂಡಲೇ ಕೆಲಸ ಸಿಗುತ್ತಿದೆ ಎಂದು ಸಂತೋಷಪಡುವಂತಿಲ್ಲ. ಕೆಲಸ ಮಂಜೂರಾದ ಮೇಲೆಯೇ ಅರ್ಜಿಗೆ ದಿನಾಂಕ ಹಾಕುತ್ತಿರುವ ಸಂಭವವೇ ಹೆಚ್ಚು. ಆಗ ರಸೀದಿ ಪುಸ್ತಕದ ಪ್ರತಿಗಳನ್ನು ತರಿಸಿ, ಅವುಗಳ ದಿನಾಂಕಗಳನ್ನು ಆ ಪಟ್ಟಿಯೊಡನೆ ಒಂದೊಂದಾಗಿ ಹೋಲಿಸಿ ನೋಡಬೇಕು.