ಒಂದೇ ದ್ರಾಕ್ಷಿ ಸಾಲದೇ?
(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಾಸಿಕದ ಒಂದು ವೈನ್ ಘಟಕದ ಪ್ರಯೋಗಾಲಯದಲ್ಲಿ ಹಲವು ವರ್ಷ ಕೆಲಸ ಮಾಡಿದವಳು ನಾನು. ವೈನ್ ಕುಡಿಯಿರಿ ಎಂದು ಹೇಳಲು ಬಂದಿಲ್ಲ. ನಮ್ಮ ಕಾರ್ಯದರ್ಶಿಯವರು, "ಒಂದೇ ದ್ರಾಕ್ಷಿಯಲ್ಲಿ ವೈನ್ ಆಗುವಾಗ ನಾಲ್ಕು ಬಗೆ ಯಾಕೆ ಬೆರೆಸ್ತೀರಿ?" ಎಂದು ಕೇಳಿದ್ದರು. ಅದಕ್ಕೆ ಉತ್ತರ ಹೇಳುತ್ತೇನೆ.

ಸಾರಿನ ಪುಡಿಗೆ ಬಣ್ಣಕ್ಕೆಂದು ಬ್ಯಾಡಗಿ, ಖಾರಕ್ಕೆಂದು ಗುಂಟೂರು ಮೆಣಸಿನಕಾಯಿ ಹಾಕುತ್ತೇವಲ್ಲ, ವೈನ್‌ನಲ್ಲೂ ಹಾಗೆಯೇ. ಇದಕ್ಕೆ ಹೆಸರಾದದ್ದು ಫ್ರಾನ್ಸಿನ ಬೋರ್ಡೋ ಪ್ರಾಂತ.

ಅಲ್ಲಿನ ಕೆಂಪು ವೈನ್‌ಗೆ ಮುಖ್ಯವಾಗಿ ಎರಡು ದ್ರಾಕ್ಷಿ. ಕ್ಯಾಬರ್ನೆ ಸೋವಿನ್ಯೋನ್‌ನ ಹಣ್ಣು ಚಿಕ್ಕದು, ಸಿಪ್ಪೆ ದಪ್ಪ. ಬಣ್ಣ ಮತ್ತು ಒಗರು ಎರಡೂ ಅದರಿಂದ ಧಾರಾಳವಾಗಿ ಬರುತ್ತವೆ. ವೈನ್ ವರ್ಷಗಟ್ಟಲೆ ಬಾಳುವುದಕ್ಕೆ ಆ ಒಗರೇ ಆಸರೆ. ಆದರೆ ಬರೀ ಅದನ್ನೇ ಕುಡಿದರೆ ಮೊದಲು ರುಚಿ, ಕೊನೆಗೆ ಒಗರು, ನಡುವೆ ಬಾಯಿ ಖಾಲಿ ಎನಿಸುವುದುಂಟು. ಆ ನಡುವನ್ನು ತುಂಬುವುದು ಮೆರ್ಲೋ. ಅದರ ಸಿಪ್ಪೆ ತೆಳು, ಸಕ್ಕರೆ ಹೆಚ್ಚು, ಹುಳಿ ಕಡಿಮೆ, ರುಚಿ ಮೃದು. ಇವೆರಡಕ್ಕೆ ಕ್ಯಾಬರ್ನೆ ಫ್ರಾಂಕ್ ಪರಿಮಳ ಕೊಡುತ್ತದೆ. ಪೆಟಿ ವೆರ್ಡೋ ಎಂಬುದನ್ನು ಗಾಢ ಬಣ್ಣಕ್ಕೂ ಮಸಾಲೆಯಂಥ ವಾಸನೆಗೂ ಒಗ್ಗರಣೆಯಷ್ಟೇ ಸೇರಿಸುತ್ತಾರೆ.

ರುಚಿಯೊಂದೇ ಕಾರಣವಲ್ಲ, ಇದು ರೈತನ ಲೆಕ್ಕಾಚಾರವೂ ಹೌದು. ಮೆರ್ಲೋ ಬೇಗ ಹೂ ಬಿಟ್ಟು ಬೇಗ ಹಣ್ಣಾಗುತ್ತದೆ, ಕ್ಯಾಬರ್ನೆ ತಡ. ಹೂವಿನ ಸಮಯದಲ್ಲಿ ಹವೆ ಕೆಟ್ಟರೆ ಮೆರ್ಲೋಗೆ ಪೆಟ್ಟು, ಕೊನೆಯಲ್ಲಿ ಚಳಿ ಮಳೆ ಬಂದರೆ ಕ್ಯಾಬರ್ನೆ ಪೂರ್ತಿ ಮಾಗದೆ ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ ಉಳಿಸಿಕೊಳ್ಳುತ್ತದೆ. 1984ರಲ್ಲಿ ಬೋರ್ಡೋದ ಮೆರ್ಲೋ ಹೂವು ಕಾಯಿಕಟ್ಟದೆ ಉದುರಿ ಬೆಳೆ ಕೈಕೊಟ್ಟಿತು. ಕ್ಯಾಬರ್ನೆ ಹೆಚ್ಚು ಬೆಳೆಯುವ ಎಡದಂಡೆಯವರು ಅದರಿಂದಲೇ ವರ್ಷ ದೂಡಿದರು. ಮೆರ್ಲೋವನ್ನೇ ನಂಬಿದ್ದ ಬಲದಂಡೆಯವರು ಸಂಕಟಪಟ್ಟರು.

ಬಿಳಿ ವೈನ್‌ಗೂ ಅಲ್ಲಿ ಇಂಥದೇ ಜೋಡಿ. ಸೋವಿನ್ಯೋನ್ ಬ್ಲಾಂಕ್ ಹುಳಿಯನ್ನೂ ನಿಂಬೆ, ಹಸಿರೆಲೆಯ ವಾಸನೆಯನ್ನೂ ತರುತ್ತದೆ. ಸೆಮಿಯೋನ್‌ನಲ್ಲಿ ಹುಳಿ ಕಡಿಮೆ, ಆದರೆ ಮೈ ತುಂಬಿಕೊಂಡ ರುಚಿ. ವಯಸ್ಸಾದಂತೆ ಜೇನು, ಮೇಣದ ಪರಿಮಳ. ಮೊದಲನೆಯದು ಒಂಟಿಯಾಗಿ ಚುರುಕು ಹೆಚ್ಚು, ಎರಡನೆಯದು ಒಂಟಿಯಾಗಿ ಸಪ್ಪೆ.

ಇನ್ನು ಬೆರೆಸುವ ಕೆಲಸ. ಹಣ್ಣಾಗುವ ಕಾಲ ಬೇರೆಯಾದ್ದರಿಂದ ಒಂದೊಂದು ಬಗೆಯನ್ನೂ ಸಾಮಾನ್ಯವಾಗಿ ಬೇರೆಬೇರೆಯಾಗಿಯೇ ಹುದುಗು ಬರಿಸುತ್ತೇವೆ. ಆಮೇಲೆ ಮೇಜಿನ ಮೇಲೆ 100 ಮಿಲಿಯ ಅಳತೆ ಜಾಡಿಯಲ್ಲಿ ಪ್ರಯೋಗ. 60 ಮಿಲಿ ಕ್ಯಾಬರ್ನೆಗೆ 40 ಮಿಲಿ ಮೆರ್ಲೋ, ಇನ್ನೊಂದರಲ್ಲಿ 70ಕ್ಕೆ 30, ಮತ್ತೊಂದರಲ್ಲಿ 65ಕ್ಕೆ 30, ಮೇಲೆ 5 ಮಿಲಿ ಪೆಟಿ ವೆರ್ಡೋ. ಯಾವುದು ಯಾವುದೆಂದು ತಿಳಿಯದಂತೆ ಲೋಟಗಳಿಗೆ ಬರೀ ಸಂಖ್ಯೆ ಹಾಕಿ ರುಚಿ ನೋಡುತ್ತೇವೆ. ಮೊದಲ ದಿನ ಗಾಢವಾದದ್ದೇ ಗೆಲ್ಲುತ್ತದೆ. ಮರುದಿನ ಅದೇ ಒರಟು ಎನಿಸಬಹುದು. ಆದ್ದರಿಂದ ಎರಡು ದಿನ ನೋಡದೆ ತೀರ್ಮಾನ ಮಾಡುವುದಿಲ್ಲ. ಇಲ್ಲಿ 1 ಮಿಲಿ ತಪ್ಪಿದರೆ 1,000 ಲೀಟರಿನ ಟ್ಯಾಂಕಿನಲ್ಲಿ 10 ಲೀಟರ್ ತಪ್ಪಿದಂತೆ.

ಬೆರೆಸಿದ ಮೇಲೂ ನಿಶ್ಚಿಂತೆಯಿಲ್ಲ. ತಿಳಿಯಾಗಿದ್ದ ಎರಡು ವೈನ್ ಸೇರಿ ಮಬ್ಬಾಗಬಹುದು, ಹುಳಿಯ ಮಟ್ಟ ಬದಲಾಗಿ ತಳದಲ್ಲಿ ಹರಳು ಕಟ್ಟಬಹುದು. ಅದಕ್ಕೇ ಬಾಟಲಿಗೆ ತುಂಬುವ ಮೊದಲು ಮತ್ತೆ ಪರೀಕ್ಷೆ.

ನನ್ನದೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ 225 ಲೀಟರಿನ ಒಂದು ಪೀಪಾಯಿಯಲ್ಲಿ ವಿನೆಗರ್, ನೇಲ್ ಪಾಲಿಶ್ ವಾಸನೆ ಶುರುವಾಗಿತ್ತು. ಅಷ್ಟು ವೈನ್ ಚೆಲ್ಲಲು ಮನಸ್ಸು ಬರಲಿಲ್ಲ. "ದೊಡ್ಡ ಟ್ಯಾಂಕಿಗೆ ಸೇರಿಸಿಬಿಡೋಣ, ಗೊತ್ತಾಗಲ್ಲ" ಎಂದೆ. ನಮ್ಮ ಹಿರಿಯರು ಬೈಯಲಿಲ್ಲ. 90 ಮಿಲಿ ಒಳ್ಳೆಯ ವೈನ್‌ಗೆ ಅದರ 10 ಮಿಲಿ ಹಾಕಿ ನನ್ನ ಕೈಗೇ ಕೊಟ್ಟರು. ವಿನೆಗರ್ ವಾಸನೆ ಎದ್ದು ಬರಲಿಲ್ಲ, ನಿಜ. ಆದರೆ ಮೆರ್ಲೋದ ಹಣ್ಣಿನ ಪರಿಮಳವೇ ಅಡಗಿಹೋಗಿತ್ತು. ಆ ಪೀಪಾಯಿಯನ್ನು ಅವತ್ತೇ ಬೇರೆ ಇಟ್ಟೆವು; ಇಲ್ಲದಿದ್ದರೆ ಟ್ಯಾಂಕಿನ ಅಷ್ಟೂ ವೈನ್ ಹಾಳಾಗುತ್ತಿತ್ತು.

ಕಾರ್ಯದರ್ಶಿಯವರಿಗೆ ನನ್ನ ಉತ್ತರ ಇಷ್ಟೇ: ಬೆರಕೆ ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬುತ್ತದೆ, ಕೆಟ್ಟದ್ದನ್ನು ಒಳ್ಳೆಯದು ಮಾಡುವುದಿಲ್ಲ. ಕೊರತೆ ಯಾವುದು, ಕೆಡುಕು ಯಾವುದು ಎಂದು ಮೂಗಿನಿಂದ ಗುರುತಿಸಲು ನನಗೆ ಇನ್ನೂ ಮೂರು ವರ್ಷ ಹಿಡಿಯಿತು.