ಶಿಬಿರಕ್ಕೂ ಮೊದಲು ಅಂಕದ ನಿಯಮ ಬರೆದಿಡೋಣ

ಗೆಳೆಯರೇ, ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಕಡೆಯ ನಮ್ಮ ಮಕ್ಕಳಿಗೆ 20 ದಿನದ ಕನ್ನಡ ಓದಿನ ಶಿಬಿರ ಮಾಡೋಣ ಅಂತೀವಿ. ಮುಗಿದ ಮೇಲೆ ‘ಮಕ್ಕಳು ಸುಧಾರಿಸಿದ್ರು’ ಅಂತೀವಿ. ಯಾವುದರಲ್ಲಿ, ಎಷ್ಟು ಅಂತ ಕೇಳಿದ್ರೆ ತೋರಿಸೋಕೆ ಏನಿರ್ತದೆ?

ಅಸರ್ ಸಮೀಕ್ಷೆಯಲ್ಲಿ ಅಕ್ಷರ, ಪದ, ಪ್ಯಾರಾ, ಕಥೆ ಅಂತ ದೊಡ್ಡ ಹಂತಗಳಿವೆ. 20 ದಿನದಲ್ಲಿ ಮಗು ಕಲಿತರೂ ಹಂತ ದಾಟದೇ ಇರಬಹುದು. ಅದಕ್ಕೇ ನಾವು ಸಣ್ಣ ಅಳತೆ ಇಟ್ಕೋಬೇಕು: 10 ಮೂಲಾಕ್ಷರ, ಕಾಗುಣಿತದ 10 ಪದ, ಒತ್ತಕ್ಷರದ 10 ಪದ, 40 ಪದದ ಒಂದು ಪ್ಯಾರಾ, ಅದರ ಮೇಲೆ 4 ಪ್ರಶ್ನೆ. ಅಂಕಗಳನ್ನು ಒಟ್ಟು ಕೂಡಿಸಬಾರದು, ಭಾಗ ಭಾಗವಾಗೇ ಬರೀಬೇಕು.

ನಾವು ಎಡವೋದು ಅಂಕ ಕೊಡೋವಾಗ. ಪುಸ್ತಕದಲ್ಲಿ ‘ಹೋಗುತ್ತಾನೆ’ ಅಂತಿದೆ, ಮಗು ‘ಹೋಗ್ತಾನ’ ಅಂತ ಓದ್ತು. ತಪ್ಪಾ? ಅದು ನಮ್ಮ ಮನೆಮಾತು, ಪದ ಗುರುತಿಸಿದೆ, ಸರಿ ಅಂತ ಕೊಡಿ. ‘ಅಕ್ಕ’ವನ್ನು ‘ಅಕ’ ಅಂದ್ರೆ ತಪ್ಪು, ಒತ್ತು ಬಿಟ್ಟಿದೆ. ಮಗು ತಾನೇ ಮೂರು ಸೆಕೆಂಡಿನೊಳಗೆ ತಿದ್ಕೊಂಡ್ರೆ ಸರಿ. ಪ್ರಶ್ನೆಗೆ ತೆಲುಗಿನಲ್ಲಿ ಉತ್ತರ ಹೇಳಿದ್ರೂ ಅರ್ಥ ಸರಿ ಇದ್ರೆ ಅಂಕ ಕೊಡಿ, ಯಾಕಂದ್ರೆ ಅಲ್ಲಿ ಅಳೀತಿರೋದು ಅರ್ಥವಾಯ್ತಾ ಅನ್ನೋದನ್ನ. ಇದನ್ನೆಲ್ಲ ಮೊದಲ ಪರೀಕ್ಷೆಗೂ ಮುಂಚೆ ಹಾಳೆ ಮೇಲೆ ಬರೀರಿ. ಮೊದಲ ದಿನ ‘ಹೋಗ್ತಾನ’ ತಪ್ಪು, ಕೊನೇ ದಿನ ಸರಿ ಅಂದ್ರೆ ಮಗು ಬದಲಾಗಿಲ್ಲ, ನಾವು ಬದಲಾಗಿದೀವಿ.

ಒಂದೇ ಪ್ಯಾರಾ ಎರಡು ಸಲ ಕೊಟ್ರೆ ಬಾಯಿಪಾಠ ಬರ್ತದೆ. ಅದಕ್ಕೆ ‘ಅ’ ಮತ್ತು ‘ಆ’ ಎರಡು ಪತ್ರಿಕೆ ಮಾಡಿ. 24 ಮಕ್ಕಳಿದ್ರೆ 12 ಜನ ಮೊದಲು ‘ಅ’, ಮಿಕ್ಕ 12 ಜನ ಮೊದಲು ‘ಆ’ ಬರೀದೆ ಓದಲಿ, ಕೊನೆಗೆ ಅದಲುಬದಲು. ಒಂದು ಪತ್ರಿಕೆ ಸುಲಭ ಇದ್ರೂ ಆ ವ್ಯತ್ಯಾಸ ಎರಡು ಗುಂಪಿನ ಸರಾಸರಿಯಲ್ಲಿ ಸರಿದೂಗ್ತದೆ.

ಉದಾಹರಣೆಗೆ ಒಬ್ಬ ಹುಡುಗಿ. ಮೊದಲು ಮೂಲಾಕ್ಷರ 9, ಕಾಗುಣಿತ 6, ಒತ್ತಕ್ಷರ 2. ಪ್ಯಾರಾದಲ್ಲಿ ಒಂದು ನಿಮಿಷಕ್ಕೆ 19 ಪದ ಓದಿ 5 ತಪ್ಪಿದ್ಲು, ಅಂದ್ರೆ 14. ಕೊನೆಗೆ 10, 9, 3, ಪ್ಯಾರಾದಲ್ಲಿ 21. ಕಾಗುಣಿತ ಕೂತಿದೆ, ಒತ್ತು ಇನ್ನೂ ಕೂತಿಲ್ಲ. ಒಟ್ಟು ಕೂಡಿಸಿದ್ರೆ ಇದು ಕಾಣ್ತಿರಲಿಲ್ಲ.

ಕೊನೇ ಪರೀಕ್ಷೆಗೆ 18 ಮಕ್ಕಳೇ ಬಂದ್ರೆ, ಆ 18 ಮಕ್ಕಳ ಮೊದಲ ಅಂಕದ ಜೊತೆಗೇ ಹೋಲಿಸಿ. ಬಿಟ್ಟುಹೋದವರು ಕಷ್ಟಪಡ್ತಿದ್ದವರೇ ಆಗಿದ್ರೆ ಸರಾಸರಿ ಸುಮ್ನೇ ಏರ್ತದೆ. ಕಲಿಸಿದವರೇ ಅಂಕ ಕೊಡಬಾರದು. ಓದಿದ್ದನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿ, ಇಬ್ಬರು ಬೇರೆ ಬೇರೆ ಕೂತು ಅಂಕ ಹಾಕಲಿ. ಅಂಕ ಹೊಂದದಿದ್ರೆ ನಿಯಮ ಇನ್ನೂ ಸ್ಪಷ್ಟವಾಗಿಲ್ಲ ಅಂತ.

ಇಷ್ಟಾದ್ರೂ ಒಂದು ಪ್ರಶ್ನೆ ಉಳೀತದೆ: ಈ 20 ದಿನದಲ್ಲಿ ಶಾಲೆಯಲ್ಲೂ ಕಲಿತಿರ್ತಾರಲ್ಲ? ಎರಡನೇ ತಂಡದಲ್ಲಿ ಸೇರೋ ಮಕ್ಕಳಿಗೂ ಇವೇ ಎರಡು ದಿನ ಪರೀಕ್ಷೆ ಕೊಡಿ. ಅವರಿಗಿಂತ ನಮ್ಮ ಮಕ್ಕಳು ಎಷ್ಟು ಹೆಚ್ಚು ಏರಿದ್ರು ಅನ್ನೋದಷ್ಟೇ ಶಿಬಿರದ ಲೆಕ್ಕ.