ಬಯಲಿಗೆ 40, ಕಡಲಿಗೆ 37, ಬೆಟ್ಟಕ್ಕೆ 30



ಈ ಸಂಕಿರಣದಲ್ಲಿ ಎರಡು ದಿನ ನಾವು ಬಿಸಿಗಾಳಿ ಮತ್ತು ಶೀತಗಾಳಿಯ ಬಗ್ಗೆ ಮಾತನಾಡಲಿದ್ದೇವೆ. ಇವುಗಳನ್ನು ಘೋಷಿಸಲು ಭಾರತೀಯ ಹವಾಮಾನ ಇಲಾಖೆ ಬಳಸುವ ಮಿತಿಗಳು ನಮ್ಮ ರಾಜ್ಯದ ನೆಲಕ್ಕೆ ಎಷ್ಟು ಹೊಂದುತ್ತವೆ ಎಂಬ ಒಂದೇ ಪ್ರಶ್ನೆಯನ್ನು ಆರಂಭದಲ್ಲಿ ನಿಮ್ಮ ಮುಂದಿಡುತ್ತೇನೆ.

ನಿಯಮ ಎರಡು ಹಂತದ್ದು. ಮೊದಲನೆಯದು ಕೆಳಮಿತಿ. ಗರಿಷ್ಠ ತಾಪಮಾನ ಬಯಲಿನಲ್ಲಿ 40, ಕರಾವಳಿಯಲ್ಲಿ 37, ಬೆಟ್ಟ ಪ್ರದೇಶದಲ್ಲಿ 30 ಡಿಗ್ರಿ ಸೆಲ್ಸಿಯಸ್ ಮುಟ್ಟದೆ ಬಿಸಿಗಾಳಿಯ ಮಾತೇ ಇಲ್ಲ. ಎರಡನೆಯದು ವಾಡಿಕೆಯಿಂದ ಏರಿಕೆ. ಆ ಸ್ಥಳದ, ಆ ಕಾಲದ ಮೂವತ್ತು ವರ್ಷಗಳ ಸರಾಸರಿಗಿಂತ ತಾಪಮಾನ ಕನಿಷ್ಠ 4.5 ಡಿಗ್ರಿ ಹೆಚ್ಚಿದ್ದರೆ ಬಿಸಿಗಾಳಿ, 6.4 ದಾಟಿದರೆ ತೀವ್ರ ಬಿಸಿಗಾಳಿ. ಬಯಲಿನಲ್ಲಿ 45 ಡಿಗ್ರಿ ಮುಟ್ಟಿದರೆ ವಾಡಿಕೆಯ ಲೆಕ್ಕ ನೋಡದೆಯೂ ಘೋಷಿಸಬಹುದು. ಇದೆಲ್ಲ ಒಂದು ಹವಾಮಾನ ಉಪವಿಭಾಗದ ಎರಡು ಕೇಂದ್ರಗಳಲ್ಲಾದರೂ, ಸತತ ಎರಡು ದಿನವಾದರೂ ಕಾಣಬೇಕು. ಘೋಷಣೆ ಆಗುವುದು ಎರಡನೆಯ ದಿನ. ಕರ್ನಾಟಕದಲ್ಲಿ ಇಂಥ ಉಪವಿಭಾಗಗಳು ಮೂರು: ಕರಾವಳಿ, ಉತ್ತರ ಒಳನಾಡು ಮತ್ತು ದಕ್ಷಿಣ ಒಳನಾಡು.

ಇಲ್ಲಿ ಏರಿಕೆಯ ಅಳತೆ ಎಲ್ಲ ಕಡೆಗೂ ಒಂದೇ ಎಂಬುದನ್ನು ಗಮನಿಸಬೇಕು. ಭೂಪ್ರದೇಶಕ್ಕೆ ತಕ್ಕಂತೆ ಬದಲಾಗುವುದು ಕೆಳಮಿತಿ ಮಾತ್ರ. ಕಲಬುರಗಿಯಲ್ಲಿ ಕಡುಬೇಸಿಗೆಯ ವಾಡಿಕೆಯೇ 40ರ ಆಸುಪಾಸು. ಅದಕ್ಕೆ 4.5 ಸೇರಿಸಿದರೆ 45ರ ಹತ್ತಿರ ಬರುತ್ತದೆ. ಅಂದರೆ ಅಲ್ಲಿ ನಿಯಮದ ಅಂಕಿಗಳೆಲ್ಲ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಕರಾವಳಿಯಲ್ಲೂ ಹಾಗೆಯೇ. ಬೇಸಿಗೆಯ ಆರಂಭದಲ್ಲಿ ವಾಡಿಕೆ 33 ಇರುವ ಕೇಂದ್ರದಲ್ಲಿ 4.5ರ ಏರಿಕೆಯೆಂದರೆ 37.5. ಕೆಳಮಿತಿ 37. ಎರಡಕ್ಕೂ ನಡುವೆ ಅರ್ಧ ಡಿಗ್ರಿಯ ಅಂತರವಷ್ಟೆ.

ಕರಾವಳಿಯಲ್ಲಿ ಈ 37 ಹೇಗೆ ಬರುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 2025ರ ಫೆಬ್ರವರಿ ಕೊನೆಯಲ್ಲಿ, ಇನ್ನೂ ಬೇಸಿಗೆ ಕಾಲಿಡುವ ಮೊದಲೇ, ಇಲಾಖೆ ಕರಾವಳಿ ಕರ್ನಾಟಕಕ್ಕೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಿತು. ಆ ತಿಂಗಳಿನಲ್ಲಿ ಬೆಳಗಿನ ಗಾಳಿ ಪೂರ್ವದಿಂದ, ಒಳನಾಡಿನಿಂದ ಬೀಸುತ್ತದೆ. ಘಟ್ಟದ ತಲೆಯಿಂದ ಕಡಲಮಟ್ಟಕ್ಕೆ ಇಳಿಯುವಾಗ ಒಣಗಾಳಿ ಪ್ರತಿ ನೂರು ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ಕಾಯುತ್ತದೆ. ಎಂಟು ನೂರು ಮೀಟರ್ ಇಳಿದರೆ ಎಂಟು ಡಿಗ್ರಿ. ಸಾಮಾನ್ಯ ದಿನಗಳಲ್ಲಿ ಮಧ್ಯಾಹ್ನದ ಮೊದಲೇ ಕಡಲಗಾಳಿ ಎದ್ದು ಈ ಬಿಸಿಯನ್ನು ತಡೆಯುತ್ತದೆ. ಪೂರ್ವದ ಗಾಳಿ ಬಲವಾಗಿದ್ದ ದಿನ ಕಡಲಗಾಳಿ ತಡವಾಗುತ್ತದೆ, ಪಾದರಸ ಏರುತ್ತಲೇ ಹೋಗುತ್ತದೆ. ಪಣಂಬೂರಿನಂಥ ಕಡಲಂಚಿನ ಕೇಂದ್ರಕ್ಕೆ ಕಡಲಗಾಳಿ ಮೊದಲು ತಲುಪುತ್ತದೆ, ಒಳಗೆ ಗುಡ್ಡದ ಮೇಲಿರುವ ಬಜಪೆಗೆ ಆಮೇಲೆ. ಹಾಗಾಗಿ ಒಂದು ಕೇಂದ್ರ ಮಿತಿ ದಾಟಿ ಇನ್ನೊಂದು ದಾಟದೆ ಉಳಿಯಬಹುದು. ಎರಡು ಕೇಂದ್ರಗಳು ಬೇಕೆಂಬ ಷರತ್ತು ಕರಾವಳಿಯಲ್ಲಿ ತೊಡಕಾಗುವುದು ಇಲ್ಲಿ.

ಕಡಲ ಕರೆಗೆ ಮಿತಿಯನ್ನು ಇಳಿಸಲು ಕಾರಣ ತೇವ. ಗಾಳಿಯಲ್ಲಿ ನೀರಿನ ಅಂಶ ಹೆಚ್ಚಿದ್ದರೆ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಆದರೆ 37 ದಾಟುವ ದಿನಗಳು ಬಹುಪಾಲು ಘಟ್ಟದ ಒಣಗಾಳಿಯ ದಿನಗಳು. ಕಡಲಗಾಳಿ ಹೊತ್ತಿಗೆ ಸರಿಯಾಗಿ ಬಂದು, 34–35ರಲ್ಲೇ ನಿಂತು, ಸೆಕೆಯಿಂದ ಜೀವ ಹಿಂಡುವ ಮೇ ತಿಂಗಳ ದಿನ ಈ ಲೆಕ್ಕಕ್ಕೆ ಸಿಗುವುದೇ ಇಲ್ಲ. ಬಿಸಿ ಮತ್ತು ತೇವ ಕೂಡಿದ ವಾತಾವರಣದ ಬಗ್ಗೆ ಇಲಾಖೆ ಬೇರೆಯಾಗಿ ಎಚ್ಚರಿಸುತ್ತದೆ, ನಿಜ. ಆದರೆ ಜಿಲ್ಲಾಡಳಿತದಲ್ಲಿ ಕೆಲಸದ ಹೊತ್ತು ಬದಲಾಗುವುದು, ಆಸ್ಪತ್ರೆಗಳು ಸಜ್ಜಾಗುವುದು ಹೆಚ್ಚಾಗಿ ‘ಬಿಸಿಗಾಳಿ’ ಎಂಬ ಘೋಷಣೆ ಬಂದಾಗಲೇ.

ಇನ್ನು ಪ್ರಸ್ಥಭೂಮಿಗೆ ಬರೋಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ತಿಂಗಳ ಗರಿಷ್ಠ ವಾಡಿಕೆ 34ರ ಆಸುಪಾಸು. 2016ರ ಏಪ್ರಿಲ್‌ನಲ್ಲಿ ನಗರದ ತಾಪಮಾನ 39.2 ಮುಟ್ಟಿತು. ಏರಿಕೆ ಐದು ಡಿಗ್ರಿಗೂ ಹೆಚ್ಚು, ಎರಡನೆಯ ಷರತ್ತು ಪೂರೈಸಿತು. ಆದರೆ ಬೆಂಗಳೂರನ್ನು ಬಯಲೆಂದು ಎಣಿಸಿದರೆ 40ರ ಕೆಳಮಿತಿ ದಾಟಲಿಲ್ಲ, ಹಾಗಾಗಿ ಅದು ಬಿಸಿಗಾಳಿಯಲ್ಲ. ಬೆಟ್ಟವೆಂದು ಎಣಿಸಿದರೆ ಅದೇ ದಿನ, ಅದೇ ತಾಪಮಾನ ಸ್ಪಷ್ಟವಾಗಿ ಬಿಸಿಗಾಳಿಯ ಮಟ್ಟದ್ದು. ಇನ್ನೊಂದು ರೀತಿ ಹೇಳುವುದಾದರೆ, 40 ಮುಟ್ಟಲು ಬೆಂಗಳೂರು ವಾಡಿಕೆಗಿಂತ ಆರು ಡಿಗ್ರಿ ಏರಬೇಕು. ತೀವ್ರ ಬಿಸಿಗಾಳಿಯ ಗೆರೆ ಇರುವುದೇ 6.4ರಲ್ಲಿ. ಸಾಧಾರಣ ಬಿಸಿಗಾಳಿ ಎಂಬ ಹಂತವೇ ಈ ಊರಿಗೆ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಬಿಸಿಲಿಗೆ ಒಗ್ಗದ ಮೈಗಳು, ತಗಡಿನ ಮತ್ತು ಶೀಟಿನ ಮಾಡುಗಳು ಇರುವ ನಗರದಲ್ಲಿ ಎಚ್ಚರಿಕೆ ಬರುವ ಹೊತ್ತಿಗೆ ಅಪಾಯ ಒಂದು ಮೆಟ್ಟಿಲು ಮೇಲೇರಿರುತ್ತದೆ.

ಚಳಿಯ ಲೆಕ್ಕದಲ್ಲಿ ಇದೇ ತೊಡಕು ತಲೆಕೆಳಗಾಗಿ ಬರುತ್ತದೆ. ಕನಿಷ್ಠ ತಾಪಮಾನ ವಾಡಿಕೆಗಿಂತ 4.5 ಡಿಗ್ರಿ ಇಳಿಯಬೇಕು, ಜೊತೆಗೆ ಬಯಲಿನಲ್ಲಿ 10ಕ್ಕೆ, ಬೆಟ್ಟದಲ್ಲಿ ಸೊನ್ನೆಗೆ ಬರಬೇಕು. ಗಾಳಿಯ ಕೊರೆತ ಸೇರಿದರೆ ಕಡಲ ಊರುಗಳಿಗೆ 15 ಡಿಗ್ರಿಯೂ ಕಷ್ಟವೆಂದು ಅಲ್ಲಿ ಮಿತಿಯನ್ನು 15ಕ್ಕೆ ಸಡಿಲಿಸಲಾಗಿದೆ. ಬೀದರ, ವಿಜಯಪುರಗಳಿಗೆ 10ರ ಮಿತಿ ಚೆನ್ನಾಗಿ ಹೊಂದುತ್ತದೆ. ಚಳಿಗಾಲದ ವಾಡಿಕೆ 15ರ ಹತ್ತಿರ ಇರುವ ಊರು ನಾಲ್ಕೈದು ಡಿಗ್ರಿ ಇಳಿದರೆ 10ಕ್ಕೇ ಬಂದು ನಿಲ್ಲುತ್ತದೆ. ಆದರೆ ಮಡಿಕೇರಿಯನ್ನು ಬೆಟ್ಟವೆಂದು ಎಣಿಸಿ ನೋಡಿ. ಜನವರಿಯ ಕನಿಷ್ಠ ವಾಡಿಕೆ 14ರ ಆಸುಪಾಸಿನ ಊರು ಸೊನ್ನೆಗೆ ಇಳಿಯುವುದೆಲ್ಲಿಂದ? ಹಿಮಾಲಯದ ಊರುಗಳಿಗೆ ಸರಿಹೋಗುವ ಮಿತಿ ಪಶ್ಚಿಮ ಘಟ್ಟದಲ್ಲಿ ಶೀತಗಾಳಿಯ ಘೋಷಣೆಗೆ ಬಾಗಿಲನ್ನೇ ಮುಚ್ಚುತ್ತದೆ. ಅದೇ ಮಡಿಕೇರಿಯನ್ನು 10ರ ಮಿತಿಯಲ್ಲಿ ಇಟ್ಟರೆ ಲೆಕ್ಕ ಸರಿಯಾಗಿ ಕೂಡುತ್ತದೆ. ಬೇಸಿಗೆಯಲ್ಲಿ ಬೆಂಗಳೂರಿಗೆ ಬೆಟ್ಟದ ನಿಯಮ ಹತ್ತಿರ, ಚಳಿಗಾಲದಲ್ಲಿ ಮಡಿಕೇರಿಗೆ ಬಯಲಿನ ನಿಯಮ ಹತ್ತಿರ.

ಹಾಗೆಂದು ಮಿತಿಗಳನ್ನು ಮನಸ್ಸಿಗೆ ಬಂದಂತೆ ಇಳಿಸಿ ಎಂದು ನಾನು ಹೇಳುವುದಿಲ್ಲ. ವಾರಕ್ಕೆರಡು ಸಲ ಎಚ್ಚರಿಕೆ ಬಂದರೆ ಮೂರನೆಯದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಕೆಳಮಿತಿ ಇರುವುದೂ ಅದಕ್ಕಾಗಿಯೇ: ವಾಡಿಕೆ 28 ಇರುವ ಬಯಲಿನ ಊರಿನಲ್ಲಿ ಜನವರಿಯ ಒಂದು ದಿನ 33 ಆದರೆ ಅದನ್ನು ಬಿಸಿಗಾಳಿ ಎನ್ನಬಾರದಲ್ಲ. ನನ್ನ ವಾದ ಇಷ್ಟೇ. ಕೆಳಮಿತಿಯನ್ನು ಮೂರು ಬಗೆಯ ನೆಲಕ್ಕೆ ಹಂಚುವ ಬದಲು ಪ್ರತಿ ಕೇಂದ್ರದ ಸ್ವಂತ ದಾಖಲೆಯಿಂದ ಕಟ್ಟಬೇಕು. ಆ ಅಂಕಿಯನ್ನು ಅದೇ ಊರಿನ ಆಸ್ಪತ್ರೆಯ ದಾಖಲಾತಿಗಳ ಪಕ್ಕದಲ್ಲಿಟ್ಟು ಒರೆಗೆ ಹಚ್ಚಬೇಕು.

ಆದ್ದರಿಂದ ಈ ಸಂಕಿರಣ ಮೂರು ಕೆಲಸಗಳನ್ನು ಕೈಗೆತ್ತಿಕೊಳ್ಳಲಿ ಎಂಬುದು ನನ್ನ ಆಶಯ. ನಮ್ಮ ಪ್ರತಿ ಕೇಂದ್ರದಲ್ಲಿ ಏರಿಕೆಯ ಷರತ್ತು ಪೂರೈಸಿಯೂ ಕೆಳಮಿತಿಯ ಕಾರಣಕ್ಕೆ ಬಿಟ್ಟುಹೋದ ದಿನಗಳ ಪಟ್ಟಿಯಾಗಲಿ. ಆ ದಿನಗಳಲ್ಲಿ ಜನರ ಆರೋಗ್ಯಕ್ಕೆ ಏನಾಯಿತು ಎಂಬುದನ್ನು ವೈದ್ಯ ಮಿತ್ರರು ಹೇಳಲಿ. ಕರಾವಳಿಗೆ ತಾಪಮಾನದ ಜೊತೆ ತೇವವನ್ನೂ ಒಳಗೊಂಡ ಮಿತಿಯೊಂದರ ಕರಡು ಸಿದ್ಧವಾಗಲಿ. ನಾಳೆ ಸಂಜೆ ನಾವು ಇಲ್ಲಿಂದ ಏಳುವಾಗ ಆ ಪಟ್ಟಿ ಮತ್ತು ಆ ಕರಡು ಇಲಾಖೆಯ ಮೇಜಿಗೆ ಕಳುಹಿಸುವ ಮಟ್ಟಿಗಾದರೂ ತಯಾರಾಗಿರಲಿ.